ಅಂಗೈ ಅಗಲದ ಗದ್ದೆಗೆ 48 ಸೆಕೆಂಡು

ಅಂಗೈ ಅಗಲ ಗದ್ದೆ, ಗದ್ದೆಗೆ ನೀರು, ನೀರಿಗೆ ಬೇರು, ಬೇರಿಗೆ ಬೆಂಕಿ. ಊರಿಂದ ಊರಿಗೆ ಮಾತು ಚೂರು ಬದಲಾದರೂ ಒಗಟು ಇದೇ. ಉತ್ತರ ಎಣ್ಣೆ ದೀಪ. ಹಣತೆ ಗದ್ದೆ, ಎಣ್ಣೆ ನೀರು, ಬತ್ತಿ ಬೇರು. ಇದನ್ನು ಒಂದು ನಿಮಿಷದೊಳಗಿನ ಅನಿಮೇಷನ್ ಮಾಡಲು ನಾವು ಮೂವರು ಕೂತೆವು. ಕಥೆಪಟ್ಟಿ ಮತ್ತು ಟೈಮಿಂಗ್ ನನ್ನದು. ಹಿನ್ನೆಲೆ ಚಿತ್ರಗಳು ಒಬ್ಬ ಗೆಳತಿಯದು. ಶಬ್ದದ ಕೆಲಸ ಇನ್ನೊಬ್ಬ ಗೆಳೆಯನದು. ಮುಗಿದ ಚಿತ್ರ 48 ಸೆಕೆಂಡು ಇದೆ. ಅದು ಹೇಗೆ ಆಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಒಗಟಿಗೆ ಚಿತ್ರ ಮಾಡುವಾಗ ಮೊದಲ ತೊಡಕು ಒಂದೇ. ಮಾತಿನಲ್ಲಿ ಗದ್ದೆ ಅಂದರೆ ಕೇಳಿದವರು ಅವರವರ ಗದ್ದೆಯನ್ನು ನೆನೆಸಿಕೊಳ್ಳುತ್ತಾರೆ. ಚಿತ್ರದಲ್ಲಿ ಹಾಗಾಗುವುದಿಲ್ಲ. ನಾವು ಏನೋ ಒಂದನ್ನು ಬರೆಯಲೇಬೇಕು. ದೀಪ ಬರೆದರೆ ಉತ್ತರ ಮೊದಲೇ ಹೊರಬಿತ್ತು. ನಿಜವಾದ ಗದ್ದೆ ಬರೆದರೆ ಕೊನೆಗೆ ಅದನ್ನು ದೀಪ ಮಾಡಲು ಏನಾದರೂ ಜಾದೂ ಬೇಕು. ಗದ್ದೆ ಕುಗ್ಗಿ, ಬಾಗಿ, ಹಣತೆಯಾಗಿ ಬದಲಾಗಬೇಕು. ಹೀಗೆ ಒಂದು ಆಕಾರ ಕರಗಿ ಇನ್ನೊಂದಾಗುವ ತಂತ್ರ ಕೆಲವು ಒಗಟುಗಳಿಗೆ ಬೇರೆ ದಾರಿಯೇ ಇಲ್ಲದ್ದು. 'ಬಿಳಿ ಕುದುರೆಗೆ ಹಸಿರು ಬಾಲ' ತಗೊಳ್ಳಿ. ಉತ್ತರ ಮೂಲಂಗಿ. ಅಲ್ಲಿ ಕುದುರೆಗೆ ನಾಲ್ಕು ಕಾಲಿದೆ, ಮೂಲಂಗಿಗೆ ಇಲ್ಲ. ಕುದುರೆ ಓಡುತ್ತದೆ, ಮೂಲಂಗಿ ಓಡುವುದಿಲ್ಲ. ಏನು ಮಾಡಿದರೂ ನೋಡಿದವರಿಗೆ 'ಓ, ಕುದುರೆ ಹೋಗಿ ಮೂಲಂಗಿ ಬಂತು' ಅನಿಸುತ್ತದೆಯೇ ಹೊರತು 'ಅಯ್ಯೋ, ಆಗಿನಿಂದ ಮೂಲಂಗಿಯೇ ಇತ್ತಲ್ಲ' ಅನಿಸುವುದಿಲ್ಲ.

ದೀಪದ ಒಗಟು ಬೇರೆ ಜಾತಿಯದು. ಇಲ್ಲಿ ಗದ್ದೆಗೂ ದೀಪಕ್ಕೂ ಜೋಡಣೆ ಒಂದೇ. ಸುತ್ತ ಮಣ್ಣಿನ ಅಂಚು, ಒಳಗೆ ನಿಂತ ದ್ರವ, ಅದರಲ್ಲಿ ಮುಳುಗಿದ ನಾರು. ಬೇರೆ ಇರುವುದು ಅಳತೆ ಮಾತ್ರ. ಅಂದರೆ ನಾವು ದೀಪವನ್ನೇ ಬರೆಯಬಹುದು. ಅದು ಎಷ್ಟು ದೊಡ್ಡದು ಅನ್ನುವುದನ್ನು ಮಾತ್ರ ಮುಚ್ಚಿಟ್ಟರೆ ಸಾಕು. ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ಒಂದು ಕಟ್ಟಳೆ ಹಾಕಿಕೊಂಡೆವು. ಹಣತೆಯಲ್ಲಿ ಇಲ್ಲದ ಒಂದು ವಸ್ತುವೂ ಚಿತ್ರದಲ್ಲಿ ಇರಬಾರದು. ಉತ್ತರ ಗೊತ್ತಾದ ಮೇಲೆ ಎರಡನೇ ಸಲ ನೋಡಿದರೆ ಪ್ರತಿ ಫ್ರೇಮೂ ದೀಪವಾಗಿಯೇ ಕಾಣಬೇಕು.

ಈ ಕಟ್ಟಳೆ ಕೇಳಲು ಸುಲಭ, ಪಾಲಿಸಲು ಕಷ್ಟ. ಗೆಳತಿ ಮೊದಲು ಬರೆದ ಹಿನ್ನೆಲೆಯಲ್ಲಿ ಅಂಚಿನ ಮೇಲೆ ಒಂದು ಬೆಳ್ಳಕ್ಕಿ ನಿಂತಿತ್ತು. ಚಂದ ಇತ್ತು. ಒಂದು ಹಕ್ಕಿ ಇದ್ದರೆ ಸಾಕು, ನೋಡಿದವರ ಕಣ್ಣು ಗದ್ದೆಯ ಅಳತೆಯನ್ನು ತಾನೇ ಹಿಡಿದುಕೊಳ್ಳುತ್ತದೆ. ಆದರೆ ಹಣತೆಯ ಅಂಚಿನ ಮೇಲೆ ಬೆಳ್ಳಕ್ಕಿ ಕೂರುವುದಿಲ್ಲವಲ್ಲ. ತೆಗೆದೆವು. ಭತ್ತದ ಸಸಿಯೂ ಹೋಯಿತು. ನೀರಿನಲ್ಲಿ ಮೋಡದ ನೆರಳು ಬೇಕು ಅಂದರು, ಅದೂ ಹೋಯಿತು. ಉಳಿದದ್ದು ಬರೀ ಕೆಂಪು ಮಣ್ಣು ಮತ್ತು ಸಂಜೆ ಬೆಳಕು.

ಹಕ್ಕಿ, ಸಸಿ, ಮೋಡ ಏನೂ ಇಲ್ಲದೆ ಅದು ಗದ್ದೆ ಅಂತ ಅನಿಸುವುದು ಹೇಗೆ? ಮೂರು ಸಂಗತಿ ನಮ್ಮ ಕೈ ಹಿಡಿದವು.

ಮೊದಲನೆಯದು ಅಂಚಿನ ಆಕಾರ. ಬಯಲುಸೀಮೆಯ ಗದ್ದೆಯಾಗಿದ್ದರೆ ಬದು ನೇರ ಇರಬೇಕು, ದುಂಡಗಿನ ಹಣತೆ ಅಲ್ಲಿ ಒಪ್ಪುತ್ತಿರಲಿಲ್ಲ. ಮಲೆನಾಡಿನ ಮೆಟ್ಟಿಲು ಗದ್ದೆಗಳ ಅಂಚು ಗುಡ್ಡದ ಇಳಿಜಾರು ಹೇಗಿದೆಯೋ ಹಾಗೆ ಬಾಗಿ ಹೋಗುತ್ತದೆ. ಬಾಗಿದ ಅಂಚು ಅಲ್ಲಿ ಸಹಜ. ಹಾಗಾಗಿ ಕ್ಯಾಮೆರಾವನ್ನು ಅಂಚಿನ ಮಟ್ಟಕ್ಕೇ ಇಳಿಸಿ, ಹಣತೆಯ ಕಾಲುಭಾಗದ ಬಾಗು ಮಾತ್ರ ಕಾಣುವಂತೆ ಇಟ್ಟೆವು. ಕುಂಬಾರರ ಬೆರಳಿನ ಗೆರೆಗಳು ಹಣತೆಯ ಒಳಗೋಡೆಯಲ್ಲಿ ಸುತ್ತಾಗಿ ಇರುತ್ತವೆ. ಅವನ್ನು ಹಾಗೇ ಉಳಿಸಿಕೊಂಡೆವು. ಹತ್ತಿರದಿಂದ ನೋಡಿದರೆ ಅವು ಮಳೆನೀರು ಕೊರೆದ ಗೆರೆಗಳೇ.

ಬಣ್ಣದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ನೀರು ನೀಲಿ ಇದ್ದರೆ ಕೊನೆಗೆ ಎಣ್ಣೆ ಹಳದಿ ಆಗುವಾಗ ನಾವು ಸುಳ್ಳು ಹೇಳಿದಂತೆ. ಅದಕ್ಕೇ ಹೊತ್ತು ಮುಳುಗುವ ಸಮಯ ಆರಿಸಿಕೊಂಡದ್ದು. ಆ ಹೊತ್ತಿಗೆ ಗದ್ದೆಯ ಕೆಸರು ನೀರೂ ಹೊಂಬಣ್ಣಕ್ಕೆ ತಿರುಗುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

ಎರಡನೆಯದು ಶಬ್ದ. ಚಿತ್ರದಲ್ಲಿ ಇಡಲಾಗದ್ದನ್ನು ಕಿವಿಗೆ ಇಡಬಹುದು. ದೀಪ ಹಚ್ಚುವುದು ಜಗಲಿಯಲ್ಲಿ, ಹೊತ್ತು ಸಂಜೆ. ಹೊರಗೆ ಜೀರುಂಡೆ ಕಿರ್ರೆನ್ನುತ್ತದೆ, ದೂರದಲ್ಲಿ ಕಪ್ಪೆ ವಟಗುಟ್ಟುತ್ತದೆ. ಇವು ಜಗಲಿಗೂ ನಿಜ, ಗದ್ದೆಗೂ ನಿಜ. ಕಟ್ಟಳೆ ಮುರಿಯಲಿಲ್ಲ, ಗದ್ದೆಯೂ ಸಿಕ್ಕಿತು. ಶಬ್ದ ತೆಗೆದು ಅದೇ ಮೊದಲ ಶಾಟ್ ತೋರಿಸಿದರೆ ನೋಡಿದವರು 'ಮಣ್ಣು', 'ಮಡಕೆ' ಅನ್ನುತ್ತಿದ್ದರು. ಶಬ್ದ ಸೇರಿಸಿ ತೋರಿಸಿದರೆ 'ಗದ್ದೆ' ಅನ್ನುತ್ತಿದ್ದರು.

ಮೂರನೆಯದು ಚಲನೆಯ ವೇಗ. ನನ್ನ ಪ್ರಕಾರ ಇಡೀ ಚಿತ್ರ ನಿಂತಿರುವುದು ಇದರ ಮೇಲೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ವಸ್ತು ದೊಡ್ಡದೋ ಚಿಕ್ಕದೋ ಅನ್ನುವುದನ್ನು ನಮ್ಮ ಕಣ್ಣು ಅದು ಚಲಿಸುವ ರೀತಿಯಿಂದಲೇ ಗುರುತಿಸುತ್ತದೆ. ಹಣತೆಗೆ ಮೂರು ಸೆಂಟಿಮೀಟರ್ ಮೇಲಿಂದ ಎಣ್ಣೆ ಬಿಟ್ಟರೆ ಧಾರೆಯ ತುದಿ ತಳ ಮುಟ್ಟಲು ಸುಮಾರು 0.08 ಸೆಕೆಂಡು ಸಾಕು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು ಎರಡೇ ಫ್ರೇಮ್. ಎರಡು ಫ್ರೇಮಿನಲ್ಲಿ ನೀರು ಬಿದ್ದರೆ ಎಂಥ ಚಂದದ ಹಿನ್ನೆಲೆ ಇದ್ದರೂ ಅದು ಬಟ್ಟಲಿನ ಅಳತೆಯದು ಅಂತ ತಕ್ಷಣ ಗೊತ್ತಾಗುತ್ತದೆ. ಈಗ ಎಂಟು ಸೆಂಟಿಮೀಟರ್ ಹಣತೆಯನ್ನು ಎಂಟು ಮೀಟರ್ ಗದ್ದೆ ಅಂತ ನಂಬಿಸಬೇಕು ಅಂದುಕೊಳ್ಳಿ. ಅಳತೆ 100 ಪಟ್ಟು ಹೆಚ್ಚಾಯಿತು. ಬೀಳುವ ಎತ್ತರ ಮೂರು ಮೀಟರ್ ಆಯಿತು. ಮೂರು ಮೀಟರ್ ಬೀಳಲು 0.78 ಸೆಕೆಂಡು ಬೇಕು, ಅಂದರೆ 19 ಫ್ರೇಮ್. ಅಳತೆ 100 ಪಟ್ಟು ಹೆಚ್ಚಾದರೆ ಸಮಯ 10 ಪಟ್ಟು ಹೆಚ್ಚಾಗುತ್ತದೆ, ಯಾಕೆಂದರೆ ಬೀಳುವ ಸಮಯ ಎತ್ತರದ ವರ್ಗಮೂಲದ ಹಾಗೆ ಏರುತ್ತದೆ. ಚಿಕ್ಕ ಮಾದರಿಗಳನ್ನು ಇಟ್ಟು ದೊಡ್ಡ ಕಟ್ಟಡ, ಹಡಗು ಅಂತ ತೋರಿಸುವ ಸಿನಿಮಾದವರು ಕ್ಯಾಮೆರಾವನ್ನು ಜೋರಾಗಿ ಓಡಿಸಿ ಸ್ಲೋ ಮೋಷನ್ ಮಾಡುವುದು ಇದೇ ಲೆಕ್ಕದ ಮೇಲೆ.

ಹಾಗಾಗಿ ಎಣ್ಣೆಯ ಧಾರೆಗೆ 19 ಫ್ರೇಮ್ ಕೊಟ್ಟೆವು. ಇದು ಸುಳ್ಳಲ್ಲ, ಬರೀ ನಿಧಾನ. ಒಂದು ಎಚ್ಚರ ಮಾತ್ರ ಬೇಕು. ಹನಿ ಹನಿಯಾಗಿ ಬೀಳಿಸಬಾರದು. ಎಣ್ಣೆಯ ಒಂದು ಹನಿ ಹಣತೆಯ ಪಕ್ಕದಲ್ಲಿ ಎಷ್ಟು ದಪ್ಪ ಅಂತ ನೋಡಿ. ಗದ್ದೆಯ ಅಳತೆಯಲ್ಲಿ ಅದು ಕುಂಬಳಕಾಯಿಗಿಂತ ದೊಡ್ಡದಾಗುತ್ತದೆ. ಯಾವ ಗದ್ದೆಗೂ ಅಂಥ ಹನಿ ಬೀಳುವುದಿಲ್ಲ. ಆದ್ದರಿಂದ ಕೊನೆಯವರೆಗೂ ಒಂದೇ ಧಾರೆ. ಎಣ್ಣೆ ಹೊಯ್ಯುವುದೂ ಹಾಗೇ ತಾನೆ.

ಬೆಂಕಿಗೂ ಇದೇ ಲೆಕ್ಕ. ಒಂದು ಮೀಟರ್ ಅಗಲದ ಬೆಂಕಿ ಸೆಕೆಂಡಿಗೆ ಸುಮಾರು ಒಂದೂವರೆ ಸಲ ಉಬ್ಬಿ ಮೇಲೇಳುತ್ತದೆ. ಒಂದು ಸೆಂಟಿಮೀಟರಿನ ಜ್ವಾಲೆ ಅಲುಗಿದಾಗ ಅದರ ಹತ್ತು ಪಟ್ಟು ಚುರುಕಾಗಿ ನಡುಗುತ್ತದೆ. ನಾವು ಜ್ವಾಲೆಯ ಸುತ್ತನ್ನು 16 ಫ್ರೇಮಿಗೆ ಇಟ್ಟೆವು, ಅಂದರೆ ಸೆಕೆಂಡಿಗೆ ಒಂದೂವರೆ ಉಬ್ಬು. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುವುದು ಕೈಯಲ್ಲಿ ಬರೆಯುವ ಅನಿಮೇಷನ್ನಿನಲ್ಲಿ ಮಾಮೂಲು. ಹಾಗಾಗಿ ಎಂಟು ಚಿತ್ರ ಬರೆದರೆ ಸುತ್ತು ಮುಗಿಯಿತು. ಸುಮ್ನೆ ಅದೇ ಎಂಟನ್ನು ತಿರುಗಿಸುತ್ತಾ ಹೋದರೆ ಕಣ್ಣು ಹಿಡಿದುಬಿಡುತ್ತದೆ, ಅದಕ್ಕೆ ತುದಿಯ ಆಕಾರ ಮಾತ್ರ ಬೇರೆ ಇರುವ ಇನ್ನೊಂದು ಸುತ್ತು ಬರೆದು, ಎರಡನ್ನೂ ಹಿಂದೆ ಮುಂದೆ ಬೆರೆಸಿದೆವು.

ಬೇರಿನ ಶಾಟ್ ಬಗ್ಗೆ ಜಾಸ್ತಿ ಚರ್ಚೆ ನಡೆಯಿತು. ಬತ್ತಿಯನ್ನು ಹಣತೆಗೆ ಇಡುವುದು ಕೈ. ಕೈ ತೋರಿಸುವ ಹಾಗಿಲ್ಲ. ಬೇರು ತಾನೇ ತೆವಳಿಕೊಂಡು ಬರುವಂತೆ ಬರೆದರೆ ಚಂದ, ಆದರೆ ಬತ್ತಿ ತೆವಳುವುದಿಲ್ಲ. ದಾರಿ ತೋರಿಸಿದ್ದು ನಿಜವಾದ ಬತ್ತಿಯೇ. ಒಣ ಹತ್ತಿಯ ಬತ್ತಿಯನ್ನು ಎಣ್ಣೆಗೆ ಇಟ್ಟು ಹತ್ತಿರದಿಂದ ನೋಡಿ. ಬೆಳ್ಳಗಿದ್ದ ನಾರು ಎಣ್ಣೆ ಹೀರಿದ ಕಡೆ ಅರೆಪಾರದರ್ಶಕವಾಗುತ್ತದೆ. ಒಣಗಿದ್ದಕ್ಕೂ ನೆನೆದದ್ದಕ್ಕೂ ನಡುವಿನ ಗೆರೆ ನಿಧಾನವಾಗಿ ತುದಿಯ ಕಡೆ ಏರುತ್ತದೆ. ಬೇರು ನೀರು ಕುಡಿಯುವುದನ್ನು ತೋರಿಸು ಅಂದರೆ ಯಾರಾದರೂ ಬರೆಯುವುದು ಇದನ್ನೇ. ಅದಕ್ಕೇ ಬತ್ತಿ ಬರುವುದನ್ನು ತೋರಿಸಲೇ ಇಲ್ಲ. ಕ್ಯಾಮೆರಾ ಎಣ್ಣೆಯೊಳಗೆ ಇಳಿದಾಗ ಅದು ಅಲ್ಲೇ ಬಿದ್ದಿದೆ. ಎಳೆಗಳು ಸ್ವಲ್ಪ ಸಡಿಲವಾಗಿ ತೇಲುತ್ತವೆ, ಹಸಿ ಗೆರೆ ಮೇಲೇರುತ್ತದೆ, ಕ್ಯಾಮೆರಾ ಆ ಗೆರೆಯ ಜೊತೆಗೇ ಏರಿ ತುದಿ ಮುಟ್ಟುತ್ತದೆ. ಅಲ್ಲಿ ಬೆಂಕಿ ಹತ್ತುತ್ತದೆ. ಹಚ್ಚುವ ಕಡ್ಡಿ ಕಾಣುವುದಿಲ್ಲ. ಪಕ್ಕದಿಂದ ಬೆಳಕು ಬರುತ್ತದೆ, ಅಷ್ಟೇ.

ಹೀಗೆ ಒಂದು ಶಾಟ್ ಮುಗಿದ ಜಾಗದಿಂದಲೇ ಮುಂದಿನದು ಹುಟ್ಟುವುದು ಒಗಟಿನಲ್ಲೇ ಇದೆ. ಗದ್ದೆ ಅಂತ ಮುಗಿದದ್ದು 'ಗದ್ದೆಗೆ' ಅಂತ ಶುರುವಾಗುತ್ತದೆ, ನೀರು 'ನೀರಿಗೆ' ಆಗುತ್ತದೆ. ನಾವು ಪ್ರತಿ ಕಟ್ ಕೂಡ ಅದೇ ಸರಪಳಿಗೆ ಹೊಂದಿಸಿದೆವು. ಶಾಟಿನ ಕೊನೆಯಲ್ಲಿ ಕಣ್ಣು ಯಾವುದರ ಮೇಲಿದೆಯೋ ಮುಂದಿನ ಶಾಟ್ ಅದರ ಮೇಲೇ ತೆರೆಯುತ್ತದೆ.

ಧ್ವನಿ ಕೊಟ್ಟದ್ದು ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿ. ಅವರ ಬಾಯಲ್ಲಿ ಇಡೀ ಒಗಟು ಆರೇಳು ಸೆಕೆಂಡಿಗೆ ಮುಗಿಯುತ್ತದೆ. ನಮಗೆ ಬೇಕಿದ್ದದ್ದು ಅರ್ಧ ನಿಮಿಷಕ್ಕೂ ಹೆಚ್ಚು. "ಅಜ್ಜಿ, ಒಂದೊಂದು ಮಾತಿಗೂ ನಿಲ್ಲಿಸಿ ಹೇಳ್ತೀರಾ?" ಅಂತ ಗೆಳೆಯ ಕೇಳಿದ. "ಹಾಗೆ ನಿಲ್ಸಿದ್ರೆ ಅದು ಒಗಟಾಗ್ತದನಾ ಮಾರಾಯ? ಪಾಠ ಒಪ್ಪಿಸಿದ ಹಾಗಾಗ್ತದೆ" ಅಂದರು. ಅವರು ಹೇಳಿದ್ದು ಸರಿ. ತುಂಡು ಮಾಡಿದರೆ ಸರಪಳಿ ಕಿವಿಗೆ ಸಿಗುವುದೇ ಇಲ್ಲ. ನಾಲ್ಕನೇ ಮಾತು ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಮನೆಯಲ್ಲಿ ಒಗಟು ಹೇಳುವಾಗ ಏನಾಗುತ್ತದೆ ಅಂತ ಯೋಚಿಸಿದೆವು. ಕೇಳಿದವರು ತಡವರಿಸಿದರೆ ಹೇಳಿದವರು ಇನ್ನೊಂದು ಸಲ, ಈ ಸಲ ಬೇಗ ಬೇಗ, ಹೇಳುತ್ತಾರೆ. ಅದನ್ನೇ ಮಾಡಿದೆವು. ಚಿತ್ರದ ಜೊತೆ ಒಂದೊಂದೇ ಮಾತು ಬಿಡಿಯಾಗಿ ಬರುತ್ತದೆ. ಬೆಂಕಿ ಹತ್ತಿದ ಮೇಲೆ, ಯೋಚಿಸಲು ಬಿಟ್ಟ ಹೊತ್ತಿನಲ್ಲಿ, ಇಡೀ ಒಗಟು ಅವರ ಸಹಜ ವೇಗದಲ್ಲಿ ಒಂದೇ ಉಸಿರಿಗೆ ಬರುತ್ತದೆ. ಆ ಎರಡನೆಯದನ್ನು ಮೈಕಿನ ಎದುರು ಕೂರಿಸಿ ಹೇಳಿಸಲಿಲ್ಲ. ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಕೇಳುತ್ತಿದ್ದಾಗ ಹಿಡಿದದ್ದು.

ಸಮಯದ ಹಂಚಿಕೆ ಹೀಗಿದೆ. ಗದ್ದೆ, ನೀರು, ಬೇರು ಒಂದೊಂದಕ್ಕೂ 9 ಸೆಕೆಂಡು. ಬೆಂಕಿಗೆ 6. ಯೋಚಿಸಲು 7. ಉತ್ತರಕ್ಕೆ 8. ಒಟ್ಟು 48 ಸೆಕೆಂಡು, 1152 ಫ್ರೇಮ್. ಆದರೆ ಬರೆದ ಚಿತ್ರಗಳು ಅದರಲ್ಲಿ ಸಣ್ಣ ಪಾಲು. ಮೊದಲ ಶಾಟಿನಲ್ಲಿ ಏನೂ ಅಲುಗುವುದಿಲ್ಲ. ಹಿಂದೆ, ನಡುವೆ, ಮುಂದೆ ಅಂತ ಮೂರು ಪದರದ ಚಿತ್ರಗಳು ಬೇರೆ ಬೇರೆ ವೇಗದಲ್ಲಿ ಸರಿಯುತ್ತವೆ, ಅಷ್ಟೇ. ನಿಜವಾಗಿ ಬೆವರು ಹರಿದದ್ದು ಧಾರೆ ಮತ್ತು ಕೊನೆಯ ಕೈಗೆ.

ಯೋಚಿಸುವ ಆ 7 ಸೆಕೆಂಡಿಗೆ ಒಂದು ಸುಳಿವು ಬೇಕು ಅನಿಸಿತು. ಬೆಂಕಿ ಮಾತ್ರ ತೋರಿಸುತ್ತಾ ಕೂತರೆ ಫೋನಿನಲ್ಲಿ ನೋಡುವವರು ಬೆರಳು ಸರಿಸಿ ಮುಂದಕ್ಕೆ ಹೋಗುತ್ತಾರೆ. ದೀಪದ ಸುತ್ತ ನಿಜವಾಗಿ ಏನು ಬರುತ್ತದೆ? ಹುಳ. ದೀಪದ ಹುಳವೊಂದು ಹಾರಿ ಬಂದರೆ ಗದ್ದೆಯ ಅಳತೆಯಲ್ಲಿ ಅದು ಹದ್ದಿಗಿಂತ ದೊಡ್ಡದು. ಆದರೆ ಅದರ ರೆಕ್ಕೆ ಬಡಿತ ಹಕ್ಕಿಯದಲ್ಲ. 24 ಫ್ರೇಮಿನಲ್ಲಿ ಅದು ಬರೀ ಮಸುಕು. ರೆಕ್ಕೆ ಬರೆದರೆ ಒಂದೋ ಹಕ್ಕಿಯಾಗಿ ಸುಳ್ಳಾಗುತ್ತದೆ, ಇಲ್ಲವೇ ಹುಳವಾಗಿ ಗುಟ್ಟು ಬಿಡುತ್ತದೆ. ಅದಕ್ಕೆ ಹುಳವನ್ನು ಬರೆಯಲಿಲ್ಲ, ನೆರಳನ್ನು ಬರೆದೆವು. ಹೊಂಬಣ್ಣದ ನೀರಿನ ಮೇಲೆ ಒಂದು ದೊಡ್ಡ ನೆರಳು ಎರಡು ಸಲ ಅಡ್ಡ ಹಾಯುತ್ತದೆ. ಬಲ್ಲವರಿಗೆ ಅಷ್ಟು ಸಾಕು.

ಇದೆಲ್ಲ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಬಣ್ಣ ಹಚ್ಚುವವರೆಗೆ ಕಾಯಬಾರದು. ಪೆನ್ಸಿಲ್ ಗೆರೆಯ ಚಿತ್ರಗಳನ್ನು ಅಜ್ಜಿಯ ಧ್ವನಿಗೆ ಜೋಡಿಸಿ, ಈ ಒಗಟು ಕೇಳಿರದ ಮಕ್ಕಳಿಗೆ ತೋರಿಸಿದೆವು. ನಾವು ನೋಡುತ್ತಿದ್ದದ್ದು ಒಂದನ್ನೇ. ಮಕ್ಕಳು 'ದೀಪ' ಅಂತ ಕೂಗುವುದು ಯಾವ ಸೆಕೆಂಡಿಗೆ? ಬೆಂಕಿ ಹತ್ತುವ ಮೊದಲೇ ಕೂಗಿದರೆ ಗುಟ್ಟು ಎಲ್ಲೋ ಸೋರುತ್ತಿದೆ. ಕೊನೆಗೆ ಕೈ ಬಂದ ಮೇಲೂ ಸುಮ್ಮನಿದ್ದರೆ ನಾವು ಹೆಚ್ಚು ಮುಚ್ಚಿಟ್ಟಿದ್ದೇವೆ. ಬೆಂಕಿಗೂ ಕೈಗೂ ನಡುವೆ ಕೂಗಿದರೆ ಸರಿ. ಮೊದಲ ಜೋಡಣೆಯಲ್ಲಿ ಇಬ್ಬರು ನೀರಿನ ಶಾಟಿನಲ್ಲೇ ಕೂಗಿಬಿಟ್ಟರು. ಹೇಗೆ ಗೊತ್ತಾಯಿತು ಅಂದರೆ ಬೆರಳಿಟ್ಟು ತೋರಿಸಿದರು. ಹಣತೆಯ ಮೂತಿ, ಬತ್ತಿ ಇಡಲು ಚಿವುಟಿದ ಜಾಗ, ಚೌಕಟ್ಟಿನ ಮೂಲೆಯಲ್ಲಿ ಇಣುಕುತ್ತಿತ್ತು. ಕ್ಯಾಮೆರಾವನ್ನು ತಿರುಗಿಸಿ ಮೂತಿಯನ್ನು ಬೆನ್ನ ಹಿಂದೆ ಹಾಕಿದೆವು. ಸೋರಿಕೆ ನಿಂತಿತು.

ಒಗಟಿನ ಮೊದಲ ಮಾತೇ ಅಳತೆಯನ್ನು ಹೇಳಿಬಿಡುತ್ತದಲ್ಲ, ಮುಚ್ಚಿಟ್ಟು ಏನು ಪ್ರಯೋಜನ ಅಂತ ಗೆಳತಿ ಕೇಳಿದ್ದಳು. ಅಂಗೈ ಅಗಲ ಅಂತ ಕಿವಿಗೆ ಬೀಳುತ್ತದೆ, ಕಣ್ಣಿಗೆ ಮಾತ್ರ ಎಂಟು ಮೀಟರ್ ಗದ್ದೆ. ಮಕ್ಕಳ ಮುಖ ನೋಡಿದಾಗ ಇದು ತೊಂದರೆಯಲ್ಲ ಅಂತ ಗೊತ್ತಾಯಿತು. ಅವರು ಕಣ್ಣನ್ನೇ ನಂಬುತ್ತಾರೆ. ಕಿವಿಗೆ ಬಿದ್ದದ್ದು ಮೂಲೆಯಲ್ಲಿ ಕೂತು ಕಾಯುತ್ತಿರುತ್ತದೆ. ಹಾಗಾಗಿ ಉತ್ತರವನ್ನು ಆ ಮೊದಲ ಮಾತಿನಿಂದಲೇ ಬಿಡಿಸಿದೆವು.

ಜ್ವಾಲೆ ಗಾಳಿಗೆ ಬಾಗುತ್ತದೆ. ಒಂದು ಕಡೆಯಿಂದ ಗುಡ್ಡದಷ್ಟು ದೊಡ್ಡ ಏನೋ ಎದ್ದು ಬರುತ್ತದೆ, ಅಂಚು ಕೆಂಪಗೆ ಹೊಳೆಯುತ್ತದೆ. ದೀಪ ಆರದಂತೆ ಅಡ್ಡ ಹಿಡಿದ ಕೈ ಅದು. ಬೆರಳುಗಳು ಚೌಕಟ್ಟನ್ನು ಪೂರ್ತಿ ಮುಚ್ಚುತ್ತವೆ. ಆ ಕತ್ತಲಿನಲ್ಲಿ ಕಟ್. ಮುಂದಿನ ಚಿತ್ರ ಜಗಲಿಯಲ್ಲಿ ನಿಂತ ಹುಡುಗಿಯದು. ಒಂದು ಅಂಗೈ ಮೇಲೆ ಹಣತೆ, ಇನ್ನೊಂದು ಕೈ ಗಾಳಿಗೆ ಅಡ್ಡ. ಇಲ್ಲಿಂದ ವೇಗ ಸಹಜವಾಗುತ್ತದೆ. ಜ್ವಾಲೆ 16 ಫ್ರೇಮಿನ ದೊಡ್ಡ ಉಬ್ಬು ಬಿಟ್ಟು ಚುರುಕಾಗಿ ನಡುಗುತ್ತದೆ.

ಬೆರಳಿನಿಂದ ಚೌಕಟ್ಟು ಮುಚ್ಚಿದ್ದಕ್ಕೆ ಕೆಲಸದ ಕಾರಣವೂ ಇದೆ. ಒಂದೇ ಚಿತ್ರದಿಂದ ಹಿಂದೆ ಸರಿಯುತ್ತಾ ಇಡೀ ಜಗಲಿ ಕಾಣಿಸಬೇಕಾದರೆ, ಹಣತೆಯನ್ನು ಎಷ್ಟು ವಿವರದಲ್ಲಿ ಬರೆದಿದ್ದೇವೋ ಅಷ್ಟೇ ವಿವರದಲ್ಲಿ ಜಗಲಿಯನ್ನೂ ಬರೆಯಬೇಕು. ಫೈಲು ಅಷ್ಟು ದೊಡ್ಡದಾದರೆ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ತಂತ್ರಾಂಶ ಕ್ರಿತಾ ಎದ್ದೇಳುವುದೇ ಇಲ್ಲ. ಕತ್ತಲಲ್ಲಿ ಕಟ್ ಮಾಡಿದರೆ ಎರಡು ಮಾಮೂಲು ಗಾತ್ರದ ಚಿತ್ರ ಸಾಕು.

'ಉತ್ತರ: ದೀಪ' ಅಂತ ಅಕ್ಷರ ಹಾಕಲಿಲ್ಲ. ಅಜ್ಜಿಯೂ ಉತ್ತರ ಹೇಳುವುದಿಲ್ಲ. ಕಂಡದ್ದನ್ನು ಮತ್ತೆ ಹೇಳಿದರೆ ಮಕ್ಕಳ ಕೂಗು ಅದರಡಿ ಮುಚ್ಚಿಹೋಗುತ್ತದೆ.

ಕೊನೆಯ ಕಾಟ ಕೊಟ್ಟದ್ದು ಕತ್ತಲು. ಕಪ್ಪಿನಿಂದ ಕಿತ್ತಳೆಗೆ ನಯವಾಗಿ ಏರುವ ಬೆಳಕು ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು. ಫೋನಿಗೆ ಹೋದಾಗ ಜ್ವಾಲೆಯ ಸುತ್ತ ಪಟ್ಟೆ ಪಟ್ಟೆಯಾಗಿ ವರ್ತುಲಗಳು ಎದ್ದವು. ಸಾಮಾನ್ಯ ವಿಡಿಯೋದಲ್ಲಿ ಒಂದು ಬಣ್ಣಕ್ಕೆ ಕಪ್ಪಿನಿಂದ ಬಿಳಿಯವರೆಗೆ ಹೆಚ್ಚೆಂದರೆ 256 ಮೆಟ್ಟಿಲು. ನಮ್ಮ ಕತ್ತಲ ಭಾಗಕ್ಕೆ ಸಿಗುವುದು ಅದರಲ್ಲಿ ಕೆಲವೇ. ಮೇಲಿಂದ ವಿಡಿಯೋವನ್ನು ಕುಗ್ಗಿಸುವಾಗ ಇನ್ನಷ್ಟು ಹೋಗುತ್ತವೆ. ನಯವಾದ ಬೆಳಕಿಗೆ ಸಣ್ಣ ಚುಕ್ಕೆಗಳ ಮರಳು ಸ್ವಲ್ಪ ಎರಚಿದರೆ ಮೆಟ್ಟಿಲಿನ ಅಂಚು ಕಣ್ಣಿಗೆ ಬೀಳುವುದಿಲ್ಲ. ಫ್ರೇಮುಗಳನ್ನು ವಿಡಿಯೋ ಮಾಡುವ ಸಾಲಿನಲ್ಲೇ ಅದನ್ನು ಸೇರಿಸಿದೆವು:

```
ffmpeg -framerate 24 -i deepa_%04d.png -i dhwani.wav \
  -vf "noise=alls=6:allf=t" -c:v libx264 -crf 16 \
  -pix_fmt yuv420p -c:a aac ogatu.mp4
```

ಇಲ್ಲಿ `alls` ಮರಳಿನ ಪ್ರಮಾಣ. `allf=t` ಇದ್ದರೆ ಮರಳು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ. ಇಲ್ಲದಿದ್ದರೆ ಗಾಜಿನ ಮೇಲೆ ಕೊಳೆ ಅಂಟಿದ ಹಾಗೆ ನಿಂತುಬಿಡುತ್ತದೆ. `yuv420p` ಬಿಟ್ಟರೆ ಕೆಲವು ಫೋನುಗಳಲ್ಲಿ ವಿಡಿಯೋ ತೆರೆಯುವುದೇ ಇಲ್ಲ. ಮರಳನ್ನು ತೀರಾ ಹೆಚ್ಚಿಸಬೇಡಿ. ಕುಗ್ಗಿಸುವಾಗ ವಿಡಿಯೋದ ಜಾಗವೆಲ್ಲ ಅದಕ್ಕೇ ಹೋಗಿ, ಧಾರೆಯ ಗೆರೆಗಳು ಮಸುಕಾಗುತ್ತವೆ. ಫೋನಿನ ಬೆಳಕನ್ನು ಕಡಿಮೆ ಮಾಡಿ, ಕತ್ತಲೆ ಕೋಣೆಯಲ್ಲಿ ಒಮ್ಮೆ, ಬಿಸಿಲಿನಲ್ಲಿ ಒಮ್ಮೆ ನೋಡಿ ಪ್ರಮಾಣ ತೀರ್ಮಾನಿಸಿದೆವು. ಬಿಸಿಲಿನಲ್ಲಿ ಪಟ್ಟೆ ಕಾಣಲಿಲ್ಲ, ಆದರೆ ಹುಳದ ನೆರಳೂ ಕಾಣಲಿಲ್ಲ. ಅದಕ್ಕಾಗಿ ನೆರಳನ್ನು ಮಾತ್ರ ಇನ್ನೊಂದು ಸುತ್ತು ಗಾಢ ಮಾಡಿ ಫೈಲು ಮತ್ತೆ ತೆಗೆದೆವು.